ಹರಕೆಯ ದಾರಿ, ಏಳನೇ ತಿಂಗಳ ಹೊಟ್ಟೆ

ಪ್ರಶ್ನೆ: ಮೇಡಂ, ನನಗೀಗ 26ನೇ ವಾರ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಮೊದಲ ಬಸಿರು. ಕಳೆದ ವರ್ಷ ಅತ್ತೆ ಹೊಸದುರ್ಗದ ಹತ್ತಿರದ ಹಾಲುರಾಮೇಶ್ವರಕ್ಕೆ ಹೋಗಿ, ಕೊಳದ ಮುಂದೆ ಸೆರಗೊಡ್ಡಿ ಕೂತು ನನ್ನ ಪರವಾಗಿ ಬೇಡಿಕೊಂಡಿದ್ದರು. ನೀರಿನಿಂದ ಹಣ್ಣು ಬಂತಂತೆ. ಈಗ ಏಳು ತುಂಬುವುದರೊಳಗೆ ನಾನೇ ಬಂದು ಪೂಜೆ ಮಾಡಿಸಬೇಕು ಅನ್ನುತ್ತಾರೆ. ನಾವಿರುವುದು ಬೆಂಗಳೂರಿನಲ್ಲಿ. ಬಸ್ಸು ಫ್ರೀ ಇದೆ, ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡೋಣ ಎಂಬುದು ಅತ್ತೆಯ ಲೆಕ್ಕ. ರೈಲಾದರೆ ಕುಲುಕಾಟ ಇರಲ್ಲ ಅಂತ ನನ್ನ ಯಜಮಾನರು. ಮೈದುನನ ಹತ್ತಿರ ಸಣ್ಣ ಕಾರಿದೆ. ನಮ್ಮಮ್ಮ ಮಾತ್ರ, ಗುಂಡಿ ರಸ್ತೆಯಲ್ಲಿ ಕುಲುಕಿದರೆ ಮಗು ಜಾರುತ್ತೆ, ಎಲ್ಲಿಗೂ ಹೋಗಬೇಡ ಎಂದು ಫೋನಿನಲ್ಲೇ ಅಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂರು ಜನರ ಮೂರು ಮಾತಿನಲ್ಲೂ ಅಷ್ಟಿಷ್ಟು ಸತ್ಯವಿದೆ ತಂಗಿ. ತಾಯಿಯವರ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಆ ಭಯ ಹಾಗೇ ಉಳಿದರೆ ಮಿಕ್ಕ ಯಾವ ಲೆಕ್ಕವೂ ನಿಮ್ಮ ತಲೆಗೆ ಹತ್ತುವುದಿಲ್ಲ.

ತೊಂದರೆಯಿಲ್ಲದ ಬಸಿರಿನಲ್ಲಿ ರಸ್ತೆಯ ಸಾಮಾನ್ಯ ಕುಲುಕಾಟದಿಂದ ಮಗು ಜಾರುವುದಿಲ್ಲ. ಅದು ಗರ್ಭಕೋಶದ ದಪ್ಪ ಸ್ನಾಯುವಿನ ಒಳಗೆ, ನೀರಿನ ಚೀಲದಲ್ಲಿ ತೇಲಿಕೊಂಡಿರುತ್ತದೆ. ಕುಲುಕಾಟದ ಪೆಟ್ಟು ಬೀಳುವುದು ನಿಮ್ಮ ಸೊಂಟಕ್ಕೆ, ಬೆನ್ನಿಗೆ, ತೊಡೆಸಂದಿಗೆ. ಈ ತಿಂಗಳುಗಳಲ್ಲಿ ಕೀಲುಗಳ ಕಟ್ಟು ಸಡಿಲವಾಗಿರುವುದರಿಂದ ಮೊದಲು ಲೆಕ್ಕಕ್ಕೇ ಬಾರದಿದ್ದ ಹಂಪು ಈಗ ಚುಳುಕು ಹುಟ್ಟಿಸುತ್ತದೆ. ಮಗುವಿಗೆ ನಿಜವಾದ ಅಪಾಯ ಬೇರೆ ಕಡೆಯಿಂದ ಬರುತ್ತದೆ: ಗಕ್ಕನೆ ಹಾಕಿದ ಬ್ರೇಕಿಗೆ ಹೊಟ್ಟೆ ಮುಂದಿನ ಕಂಬಿಗೆ ಬಡಿಯುವುದು, ಬಸ್ಸಿನ ಮೆಟ್ಟಿಲಲ್ಲಿ ಕಾಲು ಜಾರುವುದು, ಒದ್ದೆ ಕಲ್ಲಿನ ಮೇಲೆ ಬೀಳುವುದು. ಹೊಟ್ಟೆಗೆ ನೇರವಾಗಿ ಬಿದ್ದ ಪೆಟ್ಟಿನಿಂದ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಳ್ಳಬಹುದು. ಅದಕ್ಕೆ ಹೆದರಬೇಕು, ಗುಂಡಿಗಲ್ಲ.

ಎರಡನೆಯ ಅಪಾಯ ಒಂದೇ ಭಂಗಿಯಲ್ಲಿ ಕೂರುವುದು. ಬಸುರಿಯ ರಕ್ತ ಬೇಗ ಹೆಪ್ಪುಗಟ್ಟುವ ಸ್ವಭಾವದ್ದು. ಹೊಟ್ಟೆಯ ಭಾರಕ್ಕೆ ಕಾಲಿನಿಂದ ಮೇಲೇರುವ ರಕ್ತವೂ ನಿಧಾನವಾಗುತ್ತದೆ. ನಾಲ್ಕು ಗಂಟೆಗೂ ಹೆಚ್ಚು ಕಾಲು ಇಳಿಬಿಟ್ಟು ಕೂತರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ ನಿಮ್ಮ ಪ್ರಯಾಣವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಎಷ್ಟು ಹೊತ್ತು ಎದ್ದೇಳದೆ ಕೂರಬೇಕು, ಎಷ್ಟು ಹೊತ್ತು ನಿಂತು ಕಾಯಬೇಕು, ಎಷ್ಟು ಸಲ ವಾಹನ ಹತ್ತಿಳಿಯಬೇಕು ಎಂದು ಅಳೆಯಿರಿ.

ಈ ಅಳತೆಗೋಲಿಗೆ ಮೊದಲು ಸೋಲುವುದು ಅತ್ತೆಯವರ ಯೋಜನೆ. ಬೆಂಗಳೂರಿನಿಂದ ಹೊಸದುರ್ಗ 200 ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಿ ಹೋಗುವಾಗ ಐದು ಗಂಟೆ, ಬರುವಾಗ ಐದು ಗಂಟೆ, ನಡುವೆ ಹಾಲುರಾಮೇಶ್ವರಕ್ಕೆ ಮತ್ತೊಂದು ವಾಹನ, ಅಲ್ಲಿ ಸರದಿ. ಇಷ್ಟನ್ನೂ ಒಂದೇ ದಿನದಲ್ಲಿ ತುರುಕಿದರೆ ರಾತ್ರಿ ಮನೆ ಸೇರುವ ಹೊತ್ತಿಗೆ ನಿಮ್ಮ ಪಾದ ಚಪ್ಪಲಿಯೊಳಗೆ ಹಿಡಿಸುವುದಿಲ್ಲ. ಹೊಸದುರ್ಗದಲ್ಲೋ ನೆಂಟರ ಮನೆಯಲ್ಲೋ ಒಂದು ರಾತ್ರಿ ಉಳಿಯಿರಿ. ವಾಹನ ಯಾವುದಾದರೂ ಈ ಒಂದು ಮಾತಿನಲ್ಲಿ ಮಾತ್ರ ರಾಜಿ ಬೇಡ.

ಇನ್ನು ಫ್ರೀ ಬಸ್ಸು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಅನ್ವಯಿಸುತ್ತದೆ. ರಾಜಹಂಸ, ಎಸಿ, ಸ್ಲೀಪರ್ ಬಸ್ಸುಗಳಿಗೆ ಇಲ್ಲ. ನಮ್ಮ ಕಡೆಯ ಎಷ್ಟೋ ಹೆಂಗಸರು ಆ ಯೋಜನೆಯಿಂದಲೇ ಆಸ್ಪತ್ರೆ ಮುಖ ನೋಡಿದ್ದಾರೆ, ಅದನ್ನು ನಾನು ಹಗುರಾಗಿ ನೋಡುವವಳಲ್ಲ. ಆದರೆ ಶನಿವಾರ ಭಾನುವಾರ ಮೆಜೆಸ್ಟಿಕ್ಕಿನಲ್ಲಿ ಕೆಂಪು ಬಸ್ಸಿಗೆ ಮುಗಿಬೀಳುವ ಗುಂಪಿನಲ್ಲಿ ಸೀಟು ಹಿಡಿಯುವುದು ಏಳು ತಿಂಗಳ ಹೊಟ್ಟೆ ಇಟ್ಟುಕೊಂಡು ಮಾಡುವ ಕೆಲಸವಲ್ಲ. ಇನ್ನೊಂದು ಮುಳ್ಳೂ ಇದೆ. ಹೊಸದುರ್ಗದ ನೇರ ಬಸ್ಸು ಸಿಗದಿದ್ದರೆ ಚಿತ್ರದುರ್ಗದ ಬಸ್ಸು ಹತ್ತಿ ಹಿರಿಯೂರಿನಲ್ಲಿ ಇಳಿದು ಬದಲಿಸೋಣ ಎನ್ನುತ್ತಾರೆ. ಹಾಗೆ ಇಳಿದವರಿಗೆ ಮುಂದಿನ ಬಸ್ಸು ಹತ್ತು ನಿಮಿಷಕ್ಕೂ ಬರಬಹುದು, ಒಂದು ಗಂಟೆಗೂ ಬರಬಹುದು. ಬಂದದ್ದು ಆಗಲೇ ತುಂಬಿರಬಹುದು. ಬಸ್ಸೇ ಗತಿ ಎಂದಾದರೆ ನೇರ ಬಸ್ಸಿಗೆ ಮುಂಗಡ ಸೀಟು ಮಾಡಿಸಿ, ವಾರದ ನಡುವೆ ಹೊರಡಿ.

ಸೀಟು ಆರಿಸುವುದರಲ್ಲಿ ಒಂದು ಲೆಕ್ಕವಿದೆ. ಬಾವಿಯ ಏತ ನೋಡಿದ್ದೀರಲ್ಲ, ಮರದ ನಡುವಿನ ಕಡೆ ಅಲುಗಾಟ ಕಡಿಮೆ, ತುದಿ ಮಾತ್ರ ಆಳೆತ್ತರ ಏರಿಳಿಯುತ್ತದೆ. ಬಸ್ಸಿನ ಹಿಂದಿನ ಗಾಲಿಯ ಆಚೆ ಚಾಚಿಕೊಂಡಿರುವ ಭಾಗ ಆ ತುದಿಯಿದ್ದ ಹಾಗೆ. ಗಾಲಿ ಒಂದು ಗೇಣು ಎದ್ದರೆ ಕೊನೆಯ ಸಾಲಿನವರು ಅದಕ್ಕಿಂತ ಹೆಚ್ಚು ಎದ್ದು, ಅಷ್ಟೇ ಜೋರಾಗಿ ಕೆಳಗೆ ಬೀಳುತ್ತಾರೆ. ಗಾಲಿಯ ನೆತ್ತಿಯ ಮೇಲಿನ ಸೀಟಿನಲ್ಲಿ ಪೆಟ್ಟು ನೇರವಾಗಿ ಬರುತ್ತದೆ. ಜೊತೆಗೆ ಕಾಲಡಿಯ ಉಬ್ಬಿನಿಂದಾಗಿ ಮೊಣಕಾಲು ಮೇಲೆದ್ದು ಹೊಟ್ಟೆಗೆ ಒತ್ತುತ್ತದೆ. ಹಾಗಾದರೆ ಎಲ್ಲಕ್ಕೂ ಮುಂದಿನ ಸಾಲು ಒಳ್ಳೆಯದೇ? ಅದೂ ಅಲ್ಲ. ಅಲ್ಲಿ ಎದುರಿಗೆ ಬರೀ ಕಂಬಿಯಿರುತ್ತದೆ, ಬೆಲ್ಟ್ ಇರುವುದಿಲ್ಲ, ಹತ್ತಿಳಿಯುವವರ ಚೀಲಗಳು ಹೊಟ್ಟೆಗೇ ತಗಲುತ್ತವೆ. ಎರಡು ಗಾಲಿಗಳ ನಡುವೆ, ನಡುವಿಗಿಂತ ತುಸು ಮುಂದೆ, ಮುಂದಿನಿಂದ ನಾಲ್ಕನೆಯದರಿಂದ ಆರನೆಯ ಸಾಲಿನೊಳಗೆ ಕೂರಿ. ಟಿಕೆಟ್ ಮಾಡಿಸುವಾಗ ಬರೀ ಸೀಟಿನ ನಂಬರು ನಂಬಬೇಡಿ, ಎಣಿಕೆ ಒಂದೊಂದು ಬಸ್ಸಿನಲ್ಲಿ ಒಂದೊಂದು ತರ. ನಕ್ಷೆ ನೋಡಿ ಸಾಲು ಎಣಿಸಿ. ಮೂರು ಸೀಟಿನ ಬದಿ ಬೇಡ, ಎರಡು ಸೀಟಿನ ಬದಿ ಇರಲಿ. ಕಿಟಕಿಗೆ ಅತ್ತೆ ಕೂರಲಿ, ಓಡಾಡುವ ದಾರಿಯ ಕಡೆ ನೀವು. ವಾಂತಿ ಬರುವ ಅಭ್ಯಾಸವಿದ್ದರೆ ಮಾತ್ರ ಅದಲುಬದಲಾಗಿ. ಸ್ಲೀಪರ್ ಬಸ್ಸಾದರೆ ಮೇಲಿನ ಮಂಚ ಹತ್ತುವ ಮಾತೇ ಬೇಡ, ಕೆಳಗಿನದರಲ್ಲೂ ಕೊನೆಯದು ಬೇಡ.

ನನ್ನ ಚೊಚ್ಚಿಲು ಬಸಿರಿನಲ್ಲಿ ಒಂದು ಬಸ್ಸಿನ ಕೊನೆಯ ಸಾಲಿನಲ್ಲಿ ಕೂತು ತವರಿಗೆ ಹೋದವಳು ನಾನು. ಮಗುವಿಗೆ ಏನೂ ಆಗಲಿಲ್ಲ. ಎರಡು ದಿನ ನೇರವಾಗಿ ನಿಲ್ಲಲಾಗದೆ ಗೋಡೆ ಹಿಡಿದು ಓಡಾಡಿದ್ದು ಮಾತ್ರ ಇವತ್ತಿಗೂ ನೆನಪಿದೆ.

ಯಜಮಾನರ ಮಾತು ಅರ್ಧ ಸರಿ. ರೈಲಿನಲ್ಲಿ ಗುಂಡಿಯಿಲ್ಲ, ಹಂಪಿಲ್ಲ, ಬೇಕೆನಿಸಿದಾಗ ಎದ್ದು ಓಡಾಡಬಹುದು, ಶೌಚಾಲಯ ಹತ್ತು ಹೆಜ್ಜೆಯಲ್ಲಿರುತ್ತದೆ. ಬಸುರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು ದಾಟಿ ಚಿಕ್ಕಜಾಜೂರಿನ ಕಡೆ ಹೋಗುವ ದಾರಿಯಲ್ಲಿ ಹೊಸದುರ್ಗ ರೋಡ್ ಎಂಬ ನಿಲ್ದಾಣವಿದೆ. ಹೆಸರಿನ ಕೊನೆಗೆ ಅಂಟಿಕೊಂಡಿರುವ ಆ ‘ರೋಡ್’ ಪದವನ್ನು ಗಮನಿಸಿ. ರೈಲ್ವೆಯವರ ಭಾಷೆಯಲ್ಲಿ ಅದರ ಅರ್ಥ, ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಇಲ್ಲಿದೆ ಎಂದು. ಹೊಸದುರ್ಗ ಪೇಟೆ ಅಲ್ಲಿಂದ ಸುಮಾರು 20 ಕಿಲೋಮೀಟರ್, ಹಾಲುರಾಮೇಶ್ವರಕ್ಕೆ ಇನ್ನೂ ಬೇರೆ ದಾರಿ. (ಮೊಬೈಲಿನಲ್ಲಿ ಹೊಸದುರ್ಗ ಎಂದು ಹುಡುಕಿದರೆ ಕಾಸರಗೋಡು ಜಿಲ್ಲೆಯ ಹೊಸದುರ್ಗವೂ ಎದುರಾಗುತ್ತದೆ. ಅದು ಕಡಲ ತೀರದ ಊರು, ನಿಮ್ಮದಲ್ಲ.) ಎಲ್ಲ ರೈಲೂ ಈ ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ನಿಲ್ಲುವ ರೈಲೂ ಒಂದೆರಡು ನಿಮಿಷ ಮಾತ್ರ ನಿಲ್ಲುತ್ತದೆ. ಇಂಥ ಸಣ್ಣ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂ ತಗ್ಗಿದ್ದರೆ ಬೋಗಿಯ ಕೊನೆಯ ಮೆಟ್ಟಿಲಿನಿಂದ ಕೆಳಕ್ಕೆ ಹಾರುವಷ್ಟು ಅಂತರ ಇರುವುದುಂಟು. ಆದ್ದರಿಂದ ರೈಲು ಒಳ್ಳೆಯದು, ಒಂದು ಷರತ್ತಿನ ಮೇಲೆ: ಇಳಿಯುವ ಹೊತ್ತಿಗೆ ಹೇಳಿಟ್ಟ ಕಾರು ನಿಲ್ದಾಣದ ಹೊರಗೆ ನಿಂತಿರಬೇಕು. ಯಜಮಾನರು ಮೊದಲು ಕೆಳಗಿಳಿದು ಕೈ ಕೊಡಬೇಕು, ಚೀಲವನ್ನು ಬೇರೆಯವರು ಹೊರಬೇಕು. ಹೊಸದುರ್ಗ ರೋಡಿನಲ್ಲಿ ನಿಲ್ಲುವ ರೈಲಿನ ಸಮಯ ಹೊಂದದಿದ್ದರೆ ಬೀರೂರು ಜಂಕ್ಷನ್‌ನಲ್ಲಿ ಇಳಿದು ಅಲ್ಲಿಂದ ಕಾರು ಹಿಡಿಯಿರಿ. ರಸ್ತೆ ಹೆಚ್ಚಾದರೂ ಇಳಿಯುವ ಗಡಿಬಿಡಿ ಕಡಿಮೆ.

ರೈಲಿನ ಸೀಟಿನ ಬಗ್ಗೆ ಬಹಳ ಜನಕ್ಕೆ ತಿಳಿಯದ ಒಂದು ಸಂಗತಿಯಿದೆ. ಸ್ಲೀಪರ್ ಮತ್ತು ಎಸಿ ಬೋಗಿಗಳಲ್ಲಿ ಹಿರಿಯರಿಗೆ, 45 ದಾಟಿದ ಹೆಂಗಸರಿಗೆ, ಬಸುರಿಯರಿಗೆ ಎಂದು ಕೆಲವು ಕೆಳಗಿನ ಬರ್ತ್‌ಗಳನ್ನು ಎತ್ತಿಟ್ಟಿರುತ್ತಾರೆ. ಬಸುರಿ ಎಂಬ ಕಾರಣಕ್ಕೆ ಅದನ್ನು ಪಡೆಯಲು ಮೊಬೈಲು ಸಾಲದು. ವೈದ್ಯರ ಪ್ರಮಾಣಪತ್ರ ಹಿಡಿದು ನಿಲ್ದಾಣದ ಮುಂಗಡ ಕೌಂಟರಿಗೆ ಯಾರಾದರೂ ಹೋಗಬೇಕು. ಹಗಲಿನ ಕುರ್ಚಿ ಬೋಗಿಗಳಿಗೆ ಈ ಸೌಲಭ್ಯ ಇಲ್ಲ. ಬರ್ತ್ ಸಿಕ್ಕರೆ ಬೋಗಿಯ ನಡುಭಾಗದ್ದು ಕೇಳಿ. ರೈಲಿನಲ್ಲೂ ಗಾಲಿಗಳು ಇರುವುದು ಬೋಗಿಯ ಎರಡು ತುದಿಗಳಲ್ಲಿ, ಬಾಗಿಲಿನ ಬಡಿತ, ಶೌಚಾಲಯದ ವಾಸನೆಯೂ ಅಲ್ಲೇ. ಸೈಡ್ ಲೋವರ್ ಬೇಡ. ಆರ್‌ಎಸಿ ಆಗಿಬಿಟ್ಟರೆ ಅದನ್ನೇ ಇನ್ನೊಬ್ಬರ ಜೊತೆ ಹಂಚಿಕೊಂಡು ಕಾಲು ಮಡಚಿ ಕೂರಬೇಕಾಗುತ್ತದೆ.

ಇಷ್ಟೆಲ್ಲ ಹೇಳಿಯೂ ನಿಮ್ಮ ಮಟ್ಟಿಗೆ ನಾನು ಮೈದುನನ ಸಣ್ಣ ಕಾರಿಗೇ ಮತ ಹಾಕುತ್ತೇನೆ. ಕಾರು ಕಡಿಮೆ ಕುಲುಕುತ್ತದೆ ಎಂದಲ್ಲ. ಸಣ್ಣ ಕಾರು ರೈಲಿಗಿಂತ ಹೆಚ್ಚೇ ಕುಲುಕುತ್ತದೆ. ಆದರೆ ಮನೆ ಬಾಗಿಲಲ್ಲಿ ಹತ್ತಿ ದೇವಸ್ಥಾನದ ಬಾಗಿಲಲ್ಲಿ ಇಳಿಯಬಹುದು, ಎಲ್ಲೂ ಕಾಯಬೇಕಿಲ್ಲ, ನಿಲ್ಲಿಸು ಅಂದಲ್ಲಿ ನಿಲ್ಲುತ್ತದೆ, ಹೊಟ್ಟೆ ನೋವು ಬಂದರೆ ಆಸ್ಪತ್ರೆಯ ಕಡೆ ತಿರುಗುತ್ತದೆ.

ದಾರಿ ಎರಡಿವೆ. ತುಮಕೂರು ದಾಟಿದ ಮೇಲೆ ಚಿಕ್ಕನಾಯಕನಹಳ್ಳಿ, ಹುಳಿಯಾರಿನ ಮೇಲೆ ಹೋಗುವುದೊಂದು. ಮೊಬೈಲಿನ ನಕ್ಷೆ ಕೆಲವೊಮ್ಮೆ ಇದನ್ನೇ ಹತ್ತಿರದ ದಾರಿ ಎಂದು ತೋರಿಸುತ್ತದೆ. ಇನ್ನೊಂದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿರಾ ದಾಟಿ ಹಿರಿಯೂರಿನ ತನಕ ಹೋಗಿ, ಅಲ್ಲಿಂದ ಎಡಕ್ಕೆ ಹೊಸದುರ್ಗದ ಕಡೆ ತಿರುಗುವುದು. ಎರಡನೆಯದನ್ನೇ ಹಿಡಿಯಿರಿ. ಹತ್ತು ಕಿಲೋಮೀಟರ್ ಹೆಚ್ಚಾದರೂ ಬೆಂಗಳೂರಿನಿಂದ ಹಿರಿಯೂರಿನವರೆಗಿನ ಸುಮಾರು 160 ಕಿಲೋಮೀಟರ್ ಅಗಲ ಹೆದ್ದಾರಿ. ತುಮಕೂರು, ಶಿರಾ, ಹಿರಿಯೂರು ಮೂರೂ ಕಡೆ ಸರ್ಕಾರಿ ಆಸ್ಪತ್ರೆಯಿದೆ, ಮಧ್ಯೆ ಶೌಚಾಲಯ ಚೆನ್ನಾಗಿರುವ ಹೋಟೆಲುಗಳು ಸಿಗುತ್ತವೆ. ಊರೂರಿಗೂ ಹಂಪು ಹಾಕಿರುವ ಒಳರಸ್ತೆ ಕೊನೆಯ ಐವತ್ತು ಅರವತ್ತು ಕಿಲೋಮೀಟರಿಗೆ ಮಾತ್ರ ಉಳಿಯುತ್ತದೆ.

ಬೆಳಿಗ್ಗೆ ಐದೂವರೆಗೆ ಹೊರಟರೆ ಪೀಣ್ಯ, ನೆಲಮಂಗಲದ ದಟ್ಟಣೆ ಶುರುವಾಗುವ ಮೊದಲೇ ಪಾರಾಗುತ್ತೀರಿ. ಸಿಗ್ನಲ್ಲಿನಲ್ಲಿ ನಿಂತು ಹೊರಟು ನಿಂತು ಹೊರಡುವ ಜಗ್ಗಾಟ ಗುಂಡಿಗಿಂತ ಹೆಚ್ಚು ಸುಸ್ತು ಮಾಡುತ್ತದೆ. ತುಮಕೂರಿನ ಹತ್ತಿರ ಮೊದಲ ನಿಲುಗಡೆ, ಐದು ನಿಮಿಷದ ಓಡಾಟ. ಶಿರಾ ಬಳಿ ತಿಂಡಿಗೆ ಅರ್ಧ ಗಂಟೆ. ಹಿರಿಯೂರಿನಲ್ಲಿ ಮೂರನೆಯದು, ಇಲ್ಲಿ ಅವಸರವಾಗದಿದ್ದರೂ ಶೌಚಾಲಯಕ್ಕೆ ಹೋಗಿಬನ್ನಿ, ಮುಂದೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಪದೇ ಪದೇ ಹೋಗಬೇಕಾಗುತ್ತೆ ಎಂದು ನೀರು ಕುಡಿಯುವುದನ್ನು ನಿಲ್ಲಿಸುವ ಹೆಂಗಸರೇ ಹೆಚ್ಚು. ನೀರು ಕಡಿಮೆಯಾದರೆ ಹೊಟ್ಟೆ ಬಿಗಿಯತೊಡಗುತ್ತದೆ, ಮೂತ್ರದ ಸೋಂಕೂ ಹಿಡಿಯುತ್ತದೆ. ಹಿರಿಯೂರಿನಿಂದ ಹೊಸದುರ್ಗದ ದಾರಿಯಲ್ಲಿ ಮಾರಿಕಣಿವೆ ಹತ್ತಿರವೇ ಸಿಗುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆಯನ್ನು ಒಂದು ಸಲ ನೋಡಿಬಿಡೋಣ ಎಂದು ಕಾರಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಸಲ ಬೇಡ. ಅದಕ್ಕೆ ಖರ್ಚಾಗುವ ಶಕ್ತಿ ನಿಮಗೆ ಕೊಳದ ಹತ್ತಿರ ಬೇಕಾಗುತ್ತದೆ.

ಸಣ್ಣ ಕಾರಿನ ಹಿಂದಿನ ಸೀಟು ಬಹುಮಟ್ಟಿಗೆ ಹಿಂದಿನ ಗಾಲಿಯ ಮೇಲೇ ಕೂತಿರುತ್ತದೆ. ಹಾಗಾಗಿ ಮುಂದೆ, ಚಾಲಕನ ಪಕ್ಕದ ಸೀಟೇ ನಿಮಗೆ ಹಿತ. ಅದನ್ನು ಪೂರ್ತಿ ಹಿಂದಕ್ಕೆ ಸರಿಸಿ. ಗಾಳಿಚೀಲವಿರುವ ಎದುರಿನ ಹಲಗೆಗೂ ನಿಮಗೂ ಒಂದಡಿಯಾದರೂ ಅಂತರವಿರಲಿ. ಅಷ್ಟು ಜಾಗ ಆಗದಿದ್ದರೆ ಹಿಂದೆ ಕೂರಿ, ಕುಲುಕಾಟ ಸಹಿಸಿಕೊಳ್ಳಿ. ಎಲ್ಲಿ ಕೂತರೂ ಬೆಲ್ಟ್ ಬೇಕೇ ಬೇಕು. ಹೊಟ್ಟೆಗೆ ಒತ್ತುತ್ತೆ ಎಂದು ಬೆಲ್ಟ್ ಬಿಚ್ಚುವುದು, ಹಿಂದಿನ ಸೀಟಿನಲ್ಲಿ ಮಲಗಿಸಿ ಕರೆದೊಯ್ಯುವುದು, ಎರಡೂ ಪ್ರೀತಿಯಿಂದ ಮಾಡುವ ತಪ್ಪುಗಳು. ಕೆಳಗಿನ ಪಟ್ಟಿ ಹೊಟ್ಟೆಯ ಅಡಿಯಲ್ಲಿ, ಸೊಂಟದ ಮೂಳೆಗಳ ಮೇಲೆ ಹಾಯಬೇಕು. ಮೇಲಿನ ಪಟ್ಟಿ ಎದೆಯ ನಡುವೆ ಇಳಿದು ಹೊಟ್ಟೆಯ ಪಕ್ಕಕ್ಕೆ ಸರಿಯಬೇಕು. ಹೊಟ್ಟೆಯ ಮೇಲೆ ಅಡ್ಡವಾಗಿ ಯಾವ ಪಟ್ಟಿಯೂ ಹಾಯಬಾರದು. ದಿಂಬು ಬೆನ್ನ ಹಿಂದೆ ಇರಲಿ, ಬೆಲ್ಟಿನ ಅಡಿಯಲ್ಲಿ ಬೇಡ. ಮೈದುನನಿಗೆ ಎರಡೇ ಮಾತು ಹೇಳಿ: ಲಾರಿಯ ಬಾಲಕ್ಕೆ ಅಂಟಿಕೊಂಡು ಓಡಿಸಬೇಡ, ಹಂಪು ಬಂದಾಗ ನಡೆದು ಹೋಗುವ ವೇಗಕ್ಕೆ ಇಳಿಸು.

ಹಾಲುರಾಮೇಶ್ವರದಲ್ಲಿ ಇಳಿದ ಮೇಲಿನ ಕಾಯುವಿಕೆಯನ್ನು ನಿಮ್ಮ ಪತ್ರದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬೇಡಿಕೊಂಡವರು ನೀರಿನಿಂದ ಪ್ರಸಾದ ಬರುವ ತನಕ ಕೊಳದ ಮುಂದೆ ಕೂರುತ್ತಾರೆ. ಅದು ಗಡಿಯಾರ ನೋಡಿ ಬರುವುದಲ್ಲ. ಸೋಮವಾರ, ರಜೆಯ ದಿನ ಜನವೂ ಹೆಚ್ಚು. ಆ ಕೂರುವ ಕೆಲಸವನ್ನು ಹರಕೆ ಹೊತ್ತ ಅತ್ತೆಗೇ ಬಿಡಿ. ನೀವು ನೆರಳಲ್ಲಿ ಕುರ್ಚಿ ಕೇಳಿ ಕೂತಿರಿ, ಪೂಜೆಯ ಹೊತ್ತಿಗೆ ಎದ್ದು ಹೋಗಿ. ಕಾಲು ಮಡಚಿ ನೆಲದ ಮೇಲೆ ಬಹಳ ಹೊತ್ತು ಕೂತರೆ ಏಳುವಾಗ ಕಾಲು ಜೋಮು ಹಿಡಿದು ಮುಗ್ಗರಿಸುತ್ತೀರಿ, ಅದೂ ನೀರು ಬಿದ್ದ ಕಲ್ಲಿನ ಮೇಲೆ. ಇಡೀ ಪ್ರಯಾಣದಲ್ಲಿ ನನಗೆ ಹೆದರಿಕೆ ಇರುವುದು ಹಿರಿಯೂರಿನ ರಸ್ತೆಯ ಬಗ್ಗೆ ಅಲ್ಲ, ಆ ನಾಲ್ಕು ಹೆಜ್ಜೆಯ ಬಗ್ಗೆ.

ಕೈಚೀಲದಲ್ಲಿ ತಾಯಿ ಕಾರ್ಡ್, ಕೊನೆಯ ಸ್ಕ್ಯಾನಿಂಗ್ ವರದಿ, ದಿನದ ಮಾತ್ರೆ ಇರಲಿ. ರಕ್ತ ಕಂಡರೆ, ನೀರು ಸೋರಿದರೆ, ಒಂದೇ ಸಮನೆ ತಲೆನೋವು ಬಂದು ಕಣ್ಣು ಮಂಜಾದರೆ, ಒಂದೇ ಕಾಲು ಊದಿ ನೋಯತೊಡಗಿದರೆ, ಮಗುವಿನ ಓಡಾಟ ಕಡಿಮೆ ಎನಿಸಿದರೆ ದೇವಸ್ಥಾನ ಆಮೇಲೆ, ಹತ್ತಿರದ ಆಸ್ಪತ್ರೆ ಮೊದಲು. ಹೊಟ್ಟೆ ಆಗೊಮ್ಮೆ ಈಗೊಮ್ಮೆ ಗಟ್ಟಿಯಾಗಿ ಸಡಿಲವಾಗುವುದು ಈ ತಿಂಗಳಲ್ಲಿ ಸಹಜ. ಆಗ ಕಾರು ನಿಲ್ಲಿಸಿ, ನೀರು ಕುಡಿದು, ಎಡಮಗ್ಗುಲಾಗಿ ಸ್ವಲ್ಪ ಹೊತ್ತು ಒರಗಿಕೊಳ್ಳಿ. ಕಡಿಮೆಯಾಗದೆ ಹತ್ತು ನಿಮಿಷಕ್ಕೊಮ್ಮೆ ಲೆಕ್ಕವಿಟ್ಟಂತೆ ಬಿಗಿಯತೊಡಗಿದರೆ ಅದು ಸಹಜವಲ್ಲ, 108ಕ್ಕೆ ಕರೆ ಮಾಡಿ.

ಹೋಗುವುದಾದರೆ ಇನ್ನೆರಡು ವಾರದೊಳಗೆ ಹೋಗಿ. 28 ದಾಟಿದ ಮೇಲೆ ಸೊಂಟವೂ ಉಸಿರೂ ಇಷ್ಟು ಸಹಕರಿಸುವುದಿಲ್ಲ. ಆದರೆ ಅದಕ್ಕೂ ಮೊದಲು ನಿಮ್ಮ ವೈದ್ಯರಲ್ಲಿ ಮೂರು ಪ್ರಶ್ನೆ ಕೇಳಿ. ಮಾಸು ಕೆಳಗೆ ಕೂತಿದೆಯೇ? ಗರ್ಭಕೋಶದ ಕಂಠ ಗಿಡ್ಡವಾಗಿದೆಯೇ, ಹೊಲಿಗೆ ಹಾಕುವ ಮಾತಿದೆಯೇ? ಬಿಪಿ ಏರುತ್ತಿದೆಯೇ? ಮೂರರಲ್ಲಿ ಒಂದಕ್ಕೆ ಹೌದು ಎಂದರೂ ಪ್ರಯಾಣ ಬೇಡ, ಹರಕೆಯನ್ನು ಮಗುವಿನ ಜೊತೆ ಹೋಗಿ ಒಪ್ಪಿಸಿದರಾಯಿತು. ನಮ್ಮ ಸೀಮೆಯಲ್ಲಿ ಎಷ್ಟೋ ಹರಕೆ ತೀರುವುದು ಮಗುವನ್ನು ದೇವರ ಮುಂದೆ ಮಲಗಿಸಿದ ಮೇಲೆಯೇ, ಇದು ಅತ್ತೆಗೂ ಗೊತ್ತಿರುತ್ತದೆ. ಮೂರಕ್ಕೂ ಇಲ್ಲ ಎಂದರೆ ಪ್ರಯಾಣಕ್ಕೆ ಅಡ್ಡಿಯಿಲ್ಲವೆಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಎಷ್ಟನೇ ವಾರ ಎಂಬುದೂ ಅದರಲ್ಲಿರಲಿ. ಕಾರು ಕೈಕೊಟ್ಟರೆ ರೈಲ್ವೆ ಕೌಂಟರಿನಲ್ಲಿ ಕೆಳಗಿನ ಬರ್ತ್ ಕೇಳುವುದಕ್ಕೂ, ಫೋನಿನಲ್ಲಿ ಅಳುವ ನಿಮ್ಮಮ್ಮನಿಗೆ ಓದಿ ಹೇಳುವುದಕ್ಕೂ ಅದೇ ಚೀಟಿ ಸಾಕು.